ಲಗ್ನಪತ್ರಿಕೆಯ ವಿನಂತಿ ವಾಕ್ಯ: ನಾಲ್ಕು ಬಗೆಗಳಲ್ಲಿ ನಿಮ್ಮ ಮನೆಗೆ ಯಾವುದು ಒಪ್ಪುತ್ತದೆ?

ಕೊಪ್ಪಳ, ರಾಯಚೂರು, ಬಳ್ಳಾರಿಯ ಕಡೆ ಲಗ್ನಪತ್ರಿಕೆ ಮಾಡಿಸಲು ಹೋದವರ ಮುಂದೆ ಪ್ರಿಂಟಿಂಗ್ ಪ್ರೆಸ್ಸಿನವರು ಹಳೆಯ ಪತ್ರಿಕೆಗಳ ಕಟ್ಟೊಂದನ್ನು ಇಡುತ್ತಾರೆ. ಮನೆಯವರು ಬಣ್ಣ, ಕಾಗದ, ದೇವರ ಚಿತ್ರ ನೋಡಿ ಒಂದನ್ನು ಆರಿಸುತ್ತಾರೆ. ಬರಹದ ಮಾತು ಬಂದಾಗ ಮಾತ್ರ “ಇದರಾಗ ಹ್ಯಾಂಗ ಐತಿ ಹಂಗ ಹಾಕ್ರಿ, ಹೆಸರು ಅಷ್ಟ ಬದಲು ಮಾಡ್ರಿ” ಎಂದು ಹೇಳಿ ಎದ್ದುಬಿಡುತ್ತಾರೆ. ಹೀಗಾಗಿ ಬೇರೊಬ್ಬರ ಮನೆಯ ಹಿರಿಯರು, ಬೇರೊಂದು ಬಗೆಯ ಅತಿಥಿಗಳಿಗಾಗಿ ಬರೆಸಿದ ವಾಕ್ಯವು ಅದರಲ್ಲಿದ್ದ ತಪ್ಪುಗಳೊಂದಿಗೆ ನಮ್ಮ ಮನೆಯ ಹೆಸರಿನಲ್ಲಿ ಅಚ್ಚಾಗುತ್ತದೆ. ಪತ್ರಿಕೆಯಲ್ಲಿ ದೇವರ ಸ್ಮರಣೆ, ಸಂವತ್ಸರ, ಮುಹೂರ್ತ, ಸ್ಥಳ, ಹೆಸರುಗಳು ಎಲ್ಲವೂ ಇರುತ್ತವೆ. ಆದರೆ ಅತಿಥಿಯನ್ನು ನೇರವಾಗಿ ಉದ್ದೇಶಿಸಿ ಆಡುವ ಮಾತು ಒಂದೇ. ಅದು “ತಾವು ಬಂದು ಹರಸಬೇಕು” ಎಂಬ ಅರ್ಥದ ವಿನಂತಿ ವಾಕ್ಯ. ಪತ್ರಿಕೆಯ ಗೌರವದ ಮಟ್ಟವು ನಿರ್ಧಾರವಾಗುವುದು ಆ ಒಂದು ವಾಕ್ಯದಲ್ಲಿಯೇ ಆದ್ದರಿಂದ, ಈ ಬರಹವನ್ನು ಅದಕ್ಕೆ ಮಾತ್ರ ಮೀಸಲಿಡಲಾಗಿದೆ.

ಹೋಲಿಸಿ ನೋಡುವುದಕ್ಕೆ ಅನುಕೂಲವಾಗಲೆಂದು ನಾಲ್ಕು ಬಗೆಗಳನ್ನು ಮೊದಲು ಮುಂದಿಡುತ್ತೇನೆ.

ಒಂದನೆಯದು: “ತಾವು ಸಕುಟುಂಬ ಸಪರಿವಾರ ಆಗಮಿಸಿ, ವಧೂವರರನ್ನು ಆಶೀರ್ವದಿಸಬೇಕೆಂದು ವಿನಂತಿ.”

ಎರಡನೆಯದು: “ತಾವು ಸಕುಟುಂಬ ದಯಮಾಡಿಸಿ, ವಧೂವರರನ್ನು ಅನುಗ್ರಹಿಸಿ, ನಮ್ಮ ಸತ್ಕಾರವನ್ನು ಸ್ವೀಕರಿಸಬೇಕೆಂದು ಬಿನ್ನಹ.”

ಮೂರನೆಯದು: “ತಾವು ಕುಟುಂಬದೊಡನೆ ಬಂದು, ವಧೂವರರನ್ನು ಹರಸಿ, ನಮ್ಮ ಆತಿಥ್ಯ ಸ್ವೀಕರಿಸಬೇಕೆಂದು ಕೋರುತ್ತೇವೆ.”

ನಾಲ್ಕನೆಯದು: “ನೀವೆಲ್ಲರೂ ಬನ್ನಿ, ನಮ್ಮನ್ನು ಹರಸಿ, ಶುಭ ಹಾರೈಸಿ.”

ನಾಲ್ಕೂ ತಮ್ಮ ತಮ್ಮ ಜಾಗದಲ್ಲಿ ಸರಿಯಾದ ಕನ್ನಡವೇ. ಅವುಗಳ ನಡುವಿನ ಅಂತರ ಇರುವುದು ಮುಖ್ಯವಾಗಿ ನಾಲ್ಕು ಕಡೆಗಳಲ್ಲಿ: ಅತಿಥಿಯನ್ನು ಕರೆಯುವ ಸರ್ವನಾಮ, ಬರುವುದನ್ನು ಹೇಳುವ ಕ್ರಿಯಾಪದ, ಹರಸುವುದನ್ನು ಹೇಳುವ ಕ್ರಿಯಾಪದ, ಕೊನೆಯಲ್ಲಿ ಬೇಡಿಕೊಳ್ಳುವ ಪದ. ಈ ನಾಲ್ಕೂ ಒಂದೇ ಎತ್ತರದಲ್ಲಿದ್ದರೆ ವಾಕ್ಯ ಹಿತವಾಗಿ ಓದಿಸಿಕೊಳ್ಳುತ್ತದೆ. ಒಂದು ಮೇಲೆ, ಒಂದು ಕೆಳಗೆ ಆದರೆ, ಓದುವವರಿಗೆ ಕಾರಣ ಹೊಳೆಯದಿದ್ದರೂ ಏನೋ ತೊಡಕಾದಂತೆ ಅನ್ನಿಸುತ್ತದೆ. “ನೀವು ದಯಮಾಡಿಸಿ” ಎಂದಾಗಲೀ “ತಾವು ಬನ್ನಿ, ಅನುಗ್ರಹಿಸಿ” ಎಂದಾಗಲೀ ಬರೆದರೆ ಆಗುವುದು ಇದೇ.

ಸರ್ವನಾಮದಿಂದಲೇ ಆರಂಭಿಸೋಣ. ಪತ್ರಿಕೆಯಲ್ಲಿ “ತಾವು” ಎಂಬುದೇ ರೂಢಿ, ಮತ್ತು ಅದು ಸರಿಯಾದ ರೂಢಿ. ನಮ್ಮ ಕಡೆಯ ಆಡುಮಾತಿನಲ್ಲಿ “ರಿ” ಸೇರಿಸುವುದರಿಂದಲೇ ಗೌರವ ಬಂದುಬಿಡುತ್ತದೆ; “ಬರ್ರಿ”, “ಕುಂದರ್ರಿ” ಎಂದರೆ ಸಾಕು, “ತಾವು” ಎನ್ನುವ ಅಗತ್ಯವೇ ಬೀಳುವುದಿಲ್ಲ. ಆದರೆ ಬರಹಕ್ಕೆ ಆ “ರಿ” ಇಳಿಯುವುದಿಲ್ಲವಾದ್ದರಿಂದ, ಅದು ಮಾಡುತ್ತಿದ್ದ ಕೆಲಸವನ್ನು ಪತ್ರಿಕೆಯಲ್ಲಿ “ತಾವು” ಮಾಡಬೇಕಾಗುತ್ತದೆ. “ತಾವುಗಳು” ಎಂದು ಬರೆಯುವ ಅಭ್ಯಾಸ ಕಚೇರಿಯ ಪತ್ರಗಳಿಂದ ಲಗ್ನಪತ್ರಿಕೆಗೂ ಬಂದಿದೆ. “ತಾವು” ಎಂಬುದೇ ಬಹುವಚನ. ಅದಕ್ಕೆ ಮತ್ತೊಂದು “ಗಳು” ಸೇರಿಸಿದರೆ ಗೌರವ ಹೆಚ್ಚುವುದಿಲ್ಲ, ವಾಕ್ಯ ಮಾತ್ರ ಭಾರವಾಗುತ್ತದೆ. ಇದಕ್ಕಿಂತ ಗಂಭೀರವಾದ ತಪ್ಪೆಂದರೆ ವಾಕ್ಯದ ಆರಂಭದಲ್ಲಿ “ತಾವು” ಎಂದು, ಕೊನೆಯಲ್ಲಿ “ನಿಮ್ಮ ಆಗಮನವನ್ನು ಬಯಸುವ” ಎಂದು ಬರೆಯುವುದು. ಒಮ್ಮೆ “ತಾವು” ಎಂದ ಮೇಲೆ ಪತ್ರಿಕೆಯ ಕೊನೆಯ ಸಾಲಿನವರೆಗೂ “ತಮ್ಮ” ಎಂದೇ ಇರಬೇಕು.

ಬರುವುದನ್ನು ಹೇಳುವ ಕ್ರಿಯಾಪದದಲ್ಲಿ “ಬಂದು”, “ಆಗಮಿಸಿ”, “ದಯಮಾಡಿಸಿ” ಎಂಬ ಮೂರು ಮೆಟ್ಟಿಲುಗಳಿವೆ. “ಆಗಮಿಸಿ” ಎಂಬುದು ಎಲ್ಲರಿಗೂ ಸಲ್ಲುವ ನಡುವಿನ ಮೆಟ್ಟಿಲು; ಊರ ಹಿರಿಯರಿಗೂ, ತಹಶೀಲ್ದಾರರಿಗೂ, ಪಕ್ಕದ ಮನೆಯವರಿಗೂ ಅದು ಒಪ್ಪುತ್ತದೆ. “ದಯಮಾಡಿಸಿ” ಎಂಬುದರಲ್ಲಿ ಬರುವವರು ನಮ್ಮ ಮೇಲೆ ದಯೆ ತೋರುತ್ತಿದ್ದಾರೆ ಎಂಬ ಭಾವವಿದೆ. ಮಠದ ಸ್ವಾಮಿಗಳಿಗೆ, ಗುರುಗಳಿಗೆ ಕೊಡುವ ಆಹ್ವಾನಕ್ಕೆ ಅದು ತಕ್ಕದ್ದು. ಆದರೆ ಅದೇ ಪತ್ರಿಕೆ ವರನ ಕಾಲೇಜು ಗೆಳೆಯನ ಕೈಗೂ ಹೋಗುವುದಾದರೆ ಅವನಿಗೆ ಆ ಮಾತು ಪರಕೀಯವಾಗಿ ಕೇಳಿಸುತ್ತದೆ. “ಬಂದು” ಎಂಬುದನ್ನು ಕೆಳದರ್ಜೆಯ ಪದವೆಂದು ಬಹಳ ಜನ ತಿಳಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ತಿಳಿವಳಿಕೆ. “ತಾವು” ಮತ್ತು “ಕೋರುತ್ತೇವೆ” ಎಂಬ ಎರಡು ಆಸರೆಗಳ ನಡುವೆ “ಬಂದು” ನಿಂತಾಗ ಅದರಲ್ಲಿ ಅಗೌರವವೇನೂ ಇರುವುದಿಲ್ಲ. ಸಂಸ್ಕೃತ ಪದಗಳ ಭಾರವಿಲ್ಲದ ಒಂದು ಘನತೆ ಇರುತ್ತದೆ. ಮೂರನೆಯ ಬಗೆಯ ಬಲವೇ ಅದು.

ಹರಸುವುದನ್ನು ಹೇಳುವ ಕ್ರಿಯಾಪದಕ್ಕೆ ಹೆಚ್ಚು ಗಮನ ಬೇಕು, ಏಕೆಂದರೆ ಇಲ್ಲಿ ಅತಿಥಿಯ ವಯಸ್ಸಿನ ಪ್ರಶ್ನೆ ಬರುತ್ತದೆ. ಆಶೀರ್ವದಿಸುವವರು ಹಿರಿಯರು, ವಯಸ್ಸಿನಲ್ಲಿ ಕಿರಿಯರಾದವರು ವಧೂವರರನ್ನು ಆಶೀರ್ವದಿಸುವುದು ನಮ್ಮ ನಡವಳಿಕೆಯಲ್ಲಿಲ್ಲ, ಅವರು ಶುಭ ಕೋರುತ್ತಾರೆ, ಹಾರೈಸುತ್ತಾರೆ. ಪತ್ರಿಕೆ ಎಲ್ಲರಿಗೂ ಒಂದೇ ಆದ್ದರಿಂದ “ಆಶೀರ್ವದಿಸಬೇಕು” ಎಂದೇ ಹಾಕಿಸುವ ರೂಢಿ ಬೆಳೆದಿದೆ, ಮತ್ತು ಅದನ್ನು ಯಾರೂ ತಪ್ಪೆಂದು ಭಾವಿಸುವುದಿಲ್ಲ. ತಂದೆತಾಯಿ ಆಹ್ವಾನಿಸುವಾಗ ಎಲ್ಲ ಅತಿಥಿಗಳನ್ನೂ ಹಿರಿಯರ ಸ್ಥಾನದಲ್ಲಿಟ್ಟು ಮಾತಾಡುವ ವಿನಯ ಅದು. ಆದರೆ ಪತ್ರಿಕೆಯ ಬಹುಭಾಗ ಹೋಗುವುದು ಸಹೋದ್ಯೋಗಿಗಳಿಗೆ, ಗೆಳೆಯರಿಗೆ ಎಂದಾದರೆ “ಹರಸಿ” ಎಂಬ ಪದವೇ ಮೇಲು. ಹಿರಿಯರು ಓದಿದರೆ ಅದು ಆಶೀರ್ವಾದವೆಂದೇ ಕೇಳಿಸುತ್ತದೆ, ಸಮವಯಸ್ಕರು ಓದಿದರೆ ಹಾರೈಕೆಯೆಂದು ಕೇಳಿಸುತ್ತದೆ. “ಅನುಗ್ರಹಿಸಿ” ಎಂಬುದು ಗುರುಪೀಠಕ್ಕೆ ಸಲ್ಲುವ ಮಾತು. ಸಾಮಾನ್ಯ ಅತಿಥಿಗಳಿಗೆ ಅದು ಅತಿಯಾಗುತ್ತದೆ.

ಕೊನೆಯ ಪದ “ವಿನಂತಿ”, “ಕೋರಿಕೆ”, “ಪ್ರಾರ್ಥನೆ”, “ಬಿನ್ನಹ” ಇವುಗಳಲ್ಲಿ ಒಂದು. ನಮ್ಮ ಭಾಗದಲ್ಲಿ “ವಿನಂತಿ” ನೆಲೆನಿಂತ ಪದ. ಊರ ಜಾತ್ರೆಯ ಕರಪತ್ರದಿಂದ ಮೊದಲುಗೊಂಡು ಎಲ್ಲೆಡೆ ಅದೇ ಬಳಕೆಯಲ್ಲಿದೆ. “ಪ್ರಾರ್ಥನೆ” ದೇವರ ಮುಂದೆ ಇಡುವ ಮಾತು. ಅತಿಥಿಗಳಿಗೆ ಬಳಸುವುದು ಪೂರ್ತಿ ತಪ್ಪಲ್ಲವಾದರೂ ಬೇಕಿಲ್ಲ. “ಬಿನ್ನಹ” ಹಳೆಯ ಗೌರವದ ಸುಂದರ ಪದ, ಆದರೆ ಅಚ್ಚಿನಲ್ಲಿ ಅದು “ಭಿನ್ನಹ” ಆಗಿಬಿಡುವ ಅಪಾಯ ಹೆಚ್ಚು. ಬಿನ್ನವಿಸಿಕೊಳ್ಳುವುದಕ್ಕೆ ಅಲ್ಪಪ್ರಾಣದ “ಬಿ” ಮಾತ್ರ ಸರಿ. ಮಹಾಪ್ರಾಣ ಹಾಕಿದರೆ ಭಿನ್ನಾಭಿಪ್ರಾಯದ ನೆನಪಾಗುತ್ತದೆ. ಕರಡು ತಿದ್ದುವವರು ಮನೆಯಲ್ಲಿ ಗಟ್ಟಿಯಾಗಿಲ್ಲದಿದ್ದರೆ ಆ ಪದವನ್ನು ಬಿಡುವುದೇ ಕ್ಷೇಮ. “ಆಶೀರ್ವದಿಸಬೇಕಾಗಿ ವಿನಂತಿ” ಎಂಬ ರೂಪವೂ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. “ಆಶೀರ್ವದಿಸಬೇಕೆಂದು ವಿನಂತಿ” ಎಂಬುದು ವಾಕ್ಯರಚನೆಯ ದೃಷ್ಟಿಯಿಂದ ಹೆಚ್ಚು ನೇರವಾದದ್ದು. ಎರಡರಲ್ಲಿ ಯಾವುದನ್ನಾದರೂ ಇಟ್ಟುಕೊಳ್ಳಬಹುದು.

ಇನ್ನು “ಸಕುಟುಂಬ ಸಪರಿವಾರ” ಎಂಬ ಜೋಡಿ. ನಾಲ್ಕು ಬಗೆಗಳಲ್ಲಿ ಒಂದನ್ನು ಆರಿಸುವಾಗ ಮನೆಯವರು ಇದನ್ನು ಅಲಂಕಾರವೆಂದು ತಿಳಿಯಬಾರದು. ಎಷ್ಟು ಜನರನ್ನು ಕರೆಯುತ್ತಿದ್ದೇವೆ ಎಂಬುದನ್ನು ಹೇಳುವ ಪದಗಳು ಇವೇ. “ಸಕುಟುಂಬ” ಎಂದರೆ ಮನೆಯವರೊಂದಿಗೆ. “ಸಪರಿವಾರ” ಎಂದರೆ ಅವರನ್ನು ಆಶ್ರಯಿಸಿದವರು, ಅವರ ಸುತ್ತಲಿನವರು ಸಹಿತ. “ಬಂಧುಮಿತ್ರರೊಡನೆ” ಎಂದರೆ ಬಾಗಿಲು ಇನ್ನೂ ಅಗಲವಾಗಿ ತೆರೆದಂತೆ. ಹಳ್ಳಿಯಲ್ಲಿ ಮನೆಯ ಮುಂದೆ ಚಪ್ಪರ ಹಾಕಿ ಊರಿಗೆಲ್ಲ ಊಟ ಹಾಕುವ ಮದುವೆಗೆ ಇವೆಲ್ಲವೂ ಒಪ್ಪುತ್ತವೆ. ಕಲ್ಯಾಣ ಮಂಟಪದಲ್ಲಿ ಎಣಿಸಿ ಅಡುಗೆ ಮಾಡಿಸುವ ಮದುವೆಗೆ “ಸಕುಟುಂಬ” ಸಾಕು. ಕಚೇರಿಯವರಿಗೆ ಆರತಕ್ಷತೆಗೆ ಮಾತ್ರ ಕೊಡುವ ಬೇರೆ ಪತ್ರಿಕೆಯಲ್ಲಿ “ತಾವು ಆಗಮಿಸಿ” ಎಂದಷ್ಟೇ ಬರೆದರೂ ಅಗೌರವವಾಗುವುದಿಲ್ಲ. ಬರೆದ ಮಾತಿಗೂ ಮಾಡಿದ ಅಡುಗೆಗೂ ಹೊಂದಿಕೆ ಇರಬೇಕು ಎಂಬುದನ್ನು ನಮ್ಮ ಕಡೆಯ ಹಿರಿಯರು ಗಂಭೀರವಾಗಿಯೇ ನೋಡುತ್ತಾರೆ.

ಈ ಜೋಡಿಯ ಹಿಂದೆಯೇ “ಸಮೇತರಾಗಿ” ಎಂಬುದು ಬಂದು ಸೇರಿಕೊಳ್ಳುತ್ತದೆ. “ಸ” ಎಂಬುದರಲ್ಲಿಯೇ “ಸಹಿತ” ಎಂಬ ಅರ್ಥ ಇರುವುದರಿಂದ “ಸಕುಟುಂಬ ಸಮೇತರಾಗಿ” ಎನ್ನುವುದು ಒಂದೇ ಮಾತನ್ನು ಎರಡು ಸಲ ಹೇಳಿದಂತೆ. “ಸಕುಟುಂಬರಾಗಿ” ಅಥವಾ “ಕುಟುಂಬ ಸಮೇತರಾಗಿ”, ಎರಡರಲ್ಲಿ ಒಂದು ಸರಿ. ಆದರೆ ಇದನ್ನು ದೊಡ್ಡ ತಪ್ಪೆಂದು ಎತ್ತಿ ಆಡಬೇಕಾಗಿಲ್ಲ. ತೆಲುಗಿನ ಮದುವೆ ಪತ್ರಿಕೆಗಳಲ್ಲಿಯೂ “ಸಕುಟುಂಬ ಸಪರಿವಾರ ಸಮೇತಂಗಾ ವಿಚ್ಚೇಸಿ” ಎಂಬುದೇ ಕಟ್ಟುಪಾಡಿನ ವಾಕ್ಯ; 1953ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದ, ಇಂದಿಗೂ ತೆಲುಗು ಮನೆಮಾತಿನ ಕುಟುಂಬಗಳು ಬಹಳವಿರುವ ಬಳ್ಳಾರಿಯಲ್ಲಿ ಎರಡೂ ಭಾಷೆಗಳ ಪತ್ರಿಕೆಗಳು ಅಕ್ಕಪಕ್ಕದಲ್ಲಿಯೇ ಓಡಾಡುತ್ತವೆ. ಕಿವಿಗೆ ಅಭ್ಯಾಸವಾದ ಲಯವನ್ನು ಬಿಡಲು ಮನೆಯ ಹಿರಿಯರು ಒಪ್ಪದಿದ್ದರೆ ಅದನ್ನು ಉಳಿಸಿಕೊಳ್ಳುವುದರಲ್ಲಿ ಹಾನಿಯಿಲ್ಲ.

ಎರಡು ಭಾಷೆಯ ಪತ್ರಿಕೆ ಮಾಡಿಸುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ತೆಲುಗಿನ “ವಿಚ್ಚೇಸಿ” ಎಂಬುದು ಕನ್ನಡದ “ದಯಮಾಡಿಸಿ” ಎಂಬುದರ ಮಟ್ಟದ ಗೌರವವುಳ್ಳ ಪದ. ಅದರ ಜೊತೆಗೆ “ಮದರ್ಪಿತ ಚಂದನ ತಾಂಬೂಲಾದಿ ಸತ್ಕಾರ” ಎಂಬ ಉದ್ದ ಸಮಾಸವೂ ಬರುತ್ತದೆ. ಒಂದು ಬದಿಯಲ್ಲಿ ಅಷ್ಟು ವಿಧಿವತ್ತಾದ ತೆಲುಗು, ಇನ್ನೊಂದು ಬದಿಯಲ್ಲಿ ಮೂರನೆಯ ಬಗೆಯ ಸರಳ ಕನ್ನಡ ಇದ್ದರೆ, ಎರಡನ್ನೂ ಓದಬಲ್ಲ ಬೀಗರಿಗೆ ಕನ್ನಡದ ಬದಿ ತಗ್ಗಿದಂತೆ ಕಾಣುತ್ತದೆ. ಅಂಥ ಪತ್ರಿಕೆಗೆ ಒಂದನೆಯ ಬಗೆಯೇ ಸರಿಹೊಂದುತ್ತದೆ; ಊಟೋಪಚಾರದ ಮಾತು ಬೇಕೆಂದರೆ “ನಮ್ಮ ಸತ್ಕಾರವನ್ನು ಸ್ವೀಕರಿಸಿ” ಎಂದು ಸೇರಿಸಿಕೊಳ್ಳಬಹುದು. ಆ ಸಮಾಸವನ್ನು ಹಾಗೆಯೇ ಕನ್ನಡಕ್ಕೆ ಎತ್ತಿಕೊಳ್ಳುವ ಅಗತ್ಯವಿಲ್ಲ. ಲಿಂಗಾಯತ ಮನೆಗಳಲ್ಲಿ ಊಟಕ್ಕೆ “ಪ್ರಸಾದ” ಎನ್ನುವುದರಿಂದ “ಪ್ರಸಾದ ಸ್ವೀಕರಿಸಿ” ಎಂಬುದು ಅಲ್ಲಿ ಸಹಜವಾಗಿಯೇ ಬರುತ್ತದೆ.

ಈಗ ಒಂದು ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ನೋಡೋಣ. ವಧುವಿನ ಮನೆ ಗಂಗಾವತಿಯದು, ತಂದೆ ಪ್ರಾಥಮಿಕ ಶಾಲೆಯ ಶಿಕ್ಷಕರು. ವರನ ಮನೆ ಸಿಂಧನೂರಿನ ಹತ್ತಿರದ ಹಳ್ಳಿ, ಗದ್ದೆ ಇರುವ ಒಕ್ಕಲುತನದ ಕುಟುಂಬ ಎಂದಿಟ್ಟುಕೊಳ್ಳೋಣ. ಪತ್ರಿಕೆ ಹೋಗಬೇಕಾದದ್ದು ಎರಡೂ ಕಡೆಯ ಬಂಧುಗಳಿಗೆ, ತಂದೆಯ ಸಹಶಿಕ್ಷಕರಿಗೆ, ಬೆಂಗಳೂರಿನಲ್ಲಿ ಕೆಲಸ ಮಾಡುವ ವಧುವಿನ ಗೆಳತಿಯರಿಗೆ, ಮತ್ತು ಮನೆತನದ ಮಠದ ಸ್ವಾಮಿಗಳಿಗೆ. ಪ್ರೆಸ್ಸಿನಿಂದ ಬಂದ ಮೊದಲ ಕರಡಿನಲ್ಲಿ ವಾಕ್ಯ ಹೀಗಿದೆ:

“ನಮ್ಮ ಜೇಷ್ಠ ಪುತ್ರಿಯಾದ ಚಿ. ಕುಂ. ಸೌ. …… ಇವಳ ವಿವಾಹವು ಚಿ. …… ಇವರೊಂದಿಗೆ ಜರುಗಿಸಲು ಗುರುಹಿರಿಯರು ನಿಶ್ಚಯಿಸಿರುವುದರಿಂದ ತಾವುಗಳು ಸಹ ಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ವಧು ವರರನ್ನು ಆರ್ಶೀವದಿಸಿ ನಿಮ್ಮ ಆಗಮನವನ್ನು ಬಯಸುವ”

ಓದಿದೊಡನೆ ಕಣ್ಣಿಗೆ ಬೀಳುವುದು ಕಾಗುಣಿತ. “ಜೇಷ್ಠ” ಅಲ್ಲ, “ಜ್ಯೇಷ್ಠ”. “ಆರ್ಶೀವದಿಸಿ” ಎಂಬಲ್ಲಿ ಅರ್ಕಾವೊತ್ತು ಒಂದು ಅಕ್ಷರ ಮುಂಚೆಯೇ ಬಂದು ಕೂತಿದೆ. ಅದು “ವ” ಅಕ್ಷರದೊಂದಿಗೆ ಇರಬೇಕು, “ಆಶೀರ್ವದಿಸಿ”. ಮದುವೆಯ ಪತ್ರಿಕೆಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ತಪ್ಪು ಇನ್ನೊಂದಿಲ್ಲ. “ಸಹ ಕುಟುಂಬ” ಎಂದು ಬಿಡಿಸಿ ಬರೆದರೆ “ಕುಟುಂಬವೂ ಸಹ” ಎಂಬಂತೆ ಓದಿಸಿಕೊಳ್ಳುತ್ತದೆ; “ಸಕುಟುಂಬ” ಒಂದೇ ಪದ. “ವಧೂವರರು” ಎಂಬುದೂ ಸಮಾಸವಾದ್ದರಿಂದ ಕೂಡಿಸಿ, “ಧೂ” ದೀರ್ಘವಾಗಿ ಬರೆಯುವುದು ಸರಿ.

ಕಾಗುಣಿತ ತಿದ್ದಿದ ಮೇಲೂ ವಾಕ್ಯ ಸರಿಯಾಗುವುದಿಲ್ಲ, ಏಕೆಂದರೆ ಮುಖ್ಯ ದೋಷ ರಚನೆಯಲ್ಲಿದೆ. “ವಿವಾಹವು … ಜರುಗಿಸಲು” ಎಂಬಲ್ಲಿ ಜರುಗಿಸುವವರು ಯಾರು? ಹಿರಿಯರು. ಅವರು ಜರುಗಿಸುವುದು ಏನನ್ನು? ವಿವಾಹವನ್ನು. ಆದ್ದರಿಂದ “ವಿವಾಹವನ್ನು … ಜರುಗಿಸಲು” ಎಂದಿರಬೇಕು. “ವಿವಾಹವು” ಎಂದೇ ಇಡಬೇಕೆಂದಿದ್ದರೆ ಮುಂದಿನದು “ಜರುಗಲಿರುವುದರಿಂದ” ಎಂದು ಬದಲಾಗಬೇಕು, ಆಗ “ಗುರುಹಿರಿಯರು ನಿಶ್ಚಯಿಸಿರುವುದರಿಂದ” ಎಂಬುದು ಉಳಿಯುವುದಿಲ್ಲ. ಹೆಸರು, ವಿದ್ಯಾರ್ಹತೆ, ಊರು, ಅಜ್ಜನ ಹೆಸರು ಎಲ್ಲವೂ ನಡುವೆ ಬರುವುದರಿಂದ ಕರ್ತೃ ಎಲ್ಲೋ, ಕ್ರಿಯೆ ಎಲ್ಲೋ ಆಗಿ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಇದನ್ನು ಪತ್ತೆ ಹಚ್ಚುವುದಕ್ಕೆ ಒಂದು ಸುಲಭ ಉಪಾಯವಿದೆ: ನಡುವಿನ ಹೆಸರು, ದಿನಾಂಕ, ಸ್ಥಳಗಳನ್ನೆಲ್ಲ ಬೆರಳಿನಿಂದ ಮುಚ್ಚಿ, ಉಳಿದ ಎಲುಬನ್ನು ಮಾತ್ರ ಗಟ್ಟಿಯಾಗಿ ಓದಬೇಕು. “ನಮ್ಮ ಪುತ್ರಿಯ ವಿವಾಹವನ್ನು ಜರುಗಿಸಲು ಹಿರಿಯರು ನಿಶ್ಚಯಿಸಿರುವುದರಿಂದ, ತಾವು ಆಗಮಿಸಿ ಆಶೀರ್ವದಿಸಬೇಕೆಂದು ವಿನಂತಿ” ಎಂದು ನಿಂತರೆ ಸರಿ. ನಿಲ್ಲದಿದ್ದರೆ ಎಲ್ಲಿ ಮುರಿದಿದೆ ಎಂಬುದು ಆ ಓದಿನಲ್ಲಿಯೇ ಗೊತ್ತಾಗುತ್ತದೆ.

ಕರಡಿನ ಕೊನೆಯ ತುಂಡಿನಲ್ಲಿ ಇನ್ನೊಂದು ಮುರುಕು ಇದೆ. “ಆಶೀರ್ವದಿಸಿ” ಎಂಬುದರ ಕರ್ತೃ ಅತಿಥಿ. “ಬಯಸುವ” ಎಂಬುದರ ಕರ್ತೃ ಮನೆಯವರು. “ಆಶೀರ್ವದಿಸಿ ನಿಮ್ಮ ಆಗಮನವನ್ನು ಬಯಸುವ” ಎಂದಾಗ ಆಶೀರ್ವದಿಸುವವರೂ ಬಯಸುವವರೂ ಒಬ್ಬರೇ ಎಂದಾಗುತ್ತದೆ. ಎರಡು ಬೇರೆ ಬೇರೆ ಮಾದರಿಗಳಿಂದ ಅರ್ಧರ್ಧ ಎತ್ತಿಕೊಂಡಾಗ ಹೀಗೆ ಆಗುತ್ತದೆ. ಮೇಲಾಗಿ “ಬಯಸುವ” ಎಂದು ಮುಗಿಸಿದರೆ ಅದರ ಕೆಳಗೆ ತಕ್ಷಣವೇ ಬಯಸುವವರ ಹೆಸರು ಬರಬೇಕು. ವಿನ್ಯಾಸ ಮಾಡುವವರು ಜಾಗ ಸಾಲದೆ ನಡುವೆ ಮುಹೂರ್ತದ ಚೌಕಟ್ಟನ್ನೋ ಮಂಟಪದ ವಿಳಾಸವನ್ನೋ ಇಟ್ಟರೆ ವಾಕ್ಯ ಅಲ್ಲಿಯೇ ತೂಗಾಡುತ್ತದೆ. “ವಿನಂತಿ” ಎಂದು ಮುಗಿದ ವಾಕ್ಯಕ್ಕೆ ಆ ತೊಂದರೆಯಿಲ್ಲ. ಅದರ ಕೆಳಗೆ ಏನು ಬಂದರೂ, ಹೆಸರುಗಳು ಎಲ್ಲಿಗೆ ಹೋದರೂ ವಾಕ್ಯ ಪೂರ್ಣವಾಗಿಯೇ ಇರುತ್ತದೆ. ಪ್ರೆಸ್ಸಿಗೆ ಕೊಡುವ ಪತ್ರಿಕೆಗೆ ನಾನು “ವಿನಂತಿ” ಅಥವಾ “ಕೋರುತ್ತೇವೆ” ಎಂಬ ಮುಕ್ತಾಯವನ್ನೇ ಸೂಚಿಸುವುದು ಈ ಕಾರಣಕ್ಕಾಗಿ.

ಈ ಗಂಗಾವತಿಯ ಮನೆಗೆ ನಾಲ್ಕರಲ್ಲಿ ಯಾವುದು? ಆಹ್ವಾನಿಸುವವರು ತಂದೆತಾಯಿ, ಆದ್ದರಿಂದ “ನಮ್ಮನ್ನು ಹರಸಿ” ಎನ್ನುವ ನಾಲ್ಕನೆಯದು ಸಲ್ಲುವುದಿಲ್ಲ. ಅದು ವಧೂವರರೇ ಕರೆಯುವಾಗಿನ ಮಾತು. ಸ್ವಾಮಿಗಳ ಸಲುವಾಗಿ ಇಡೀ ಪತ್ರಿಕೆಯನ್ನು ಎರಡನೆಯ ಬಗೆಗೆ ಏರಿಸುವುದೂ ಬೇಡ. ಸ್ವಾಮಿಗಳ ಹೆಸರು ಪತ್ರಿಕೆಯ ಮೇಲ್ಭಾಗದಲ್ಲಿ “ದಿವ್ಯ ಸಾನ್ನಿಧ್ಯ” ಎಂಬ ಶೀರ್ಷಿಕೆಯಡಿ, ಮಠದವರು ಬಳಸುವ ಪೂರ್ಣ ಬಿರುದಾವಳಿಯೊಂದಿಗೆ ಬರುತ್ತದೆ. ಇಲ್ಲಿ “ಸಾನಿಧ್ಯ” ಎಂದು ಒತ್ತು ಬಿಟ್ಟು ಅಚ್ಚಾಗುವುದು ಹೆಚ್ಚು. “ನ್ನಿ” ಎಂದು ದ್ವಿತ್ವ ಇರಬೇಕು. ಅವರಿಗೆ ಕೊಡುವ ಆಹ್ವಾನವನ್ನು ಫಲತಾಂಬೂಲದೊಂದಿಗೆ ಮಠಕ್ಕೇ ಹೋಗಿ, “ತಾವು ದಯಮಾಡಿಸಿ ಅನುಗ್ರಹಿಸಬೇಕು” ಎಂದು ಬಾಯಿಂದ ಹೇಳುತ್ತಾರೆ. ಎರಡನೆಯ ಬಗೆಯ ವಾಕ್ಯಕ್ಕೆ ಅದೇ ತಕ್ಕ ಜಾಗ.

ಉಳಿದದ್ದು ಒಂದು ಮತ್ತು ಮೂರು. ಸಿಂಧನೂರಿನ ಕಡೆಯ ಬೀಗರು ರೂಢಿಯ ವಾಕ್ಯವನ್ನೇ ನಿರೀಕ್ಷಿಸುವರು, ಗೆಳತಿಯರಿಗೂ ಸಹಶಿಕ್ಷಕರಿಗೂ ಮೂರನೆಯದು ಹತ್ತಿರವಾಗುತ್ತದೆ. ಇಂಥಲ್ಲಿ ಒಂದನೆಯದರ ಚೌಕಟ್ಟನ್ನು ಇಟ್ಟುಕೊಂಡು, ಹರಸುವ ಪದವನ್ನೂ ಆತಿಥ್ಯದ ಮಾತನ್ನೂ ಮಾತ್ರ ಮೂರನೆಯದರಿಂದ ತೆಗೆದುಕೊಳ್ಳಬಹುದು. ಆಗ ಗೌರವದ ಮಟ್ಟ ಕೆಡುವುದಿಲ್ಲ, ಏಕೆಂದರೆ “ಹರಸಿ” ಎಂಬುದು “ಆಗಮಿಸಿ” ಎಂಬುದರೊಂದಿಗೆ ಹೊಂದಿಕೊಳ್ಳುವ ಪದ. ತಿದ್ದಿದ ವಾಕ್ಯ ಹೀಗಾಗುತ್ತದೆ:

“ನಮ್ಮ ಜ್ಯೇಷ್ಠ ಪುತ್ರಿ ಚಿ. ಕುಂ. ಸೌ. …… ಇವರ ವಿವಾಹವನ್ನು ಚಿ. …… ಇವರೊಂದಿಗೆ ನೆರವೇರಿಸಲು ಗುರುಹಿರಿಯರು ನಿಶ್ಚಯಿಸಿರುವುದರಿಂದ, ತಾವು ಸಕುಟುಂಬ ಸಪರಿವಾರ ಆಗಮಿಸಿ, ವಧೂವರರನ್ನು ಹರಸಿ, ನಮ್ಮ ಆತಿಥ್ಯವನ್ನು ಸ್ವೀಕರಿಸಬೇಕೆಂದು ವಿನಂತಿ.”

“ಇವಳ” ಎಂಬುದನ್ನು “ಇವರ” ಎಂದು ಬದಲಿಸಿರುವುದಕ್ಕೆ ಕಾರಣವಿದೆ. ಮಗಳನ್ನು ಏಕವಚನದಲ್ಲಿ ಕರೆಯುವುದು ತಂದೆತಾಯಿಗೆ ಸಹಜ, ಹಳೆಯ ಪತ್ರಿಕೆಗಳಲ್ಲಿ ಅದೇ ರೂಢಿ. ಆದರೆ ಅದೇ ವಾಕ್ಯದಲ್ಲಿ ವರನಿಗೆ “ಇವರೊಂದಿಗೆ” ಎಂದು ಬಹುವಚನ ಇರುವಾಗ ಒಬ್ಬರು ಮೇಲೆ, ಒಬ್ಬರು ಕೆಳಗೆ ಆದಂತೆ ಕಾಣುತ್ತದೆ. ವರನ ಕಡೆಯವರು ಪತ್ರಿಕೆ ಮಾಡಿಸುವಾಗ ಮಗನಿಗೆ “ಇವನ” ಎಂದು ಬರೆದದ್ದನ್ನು ನೋಡುವುದು ಅಪರೂಪ. ಇಬ್ಬರಿಗೂ “ಇವರ” ಎಂದೇ ಇರಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಾಕ್ಯ ತೀರ್ಮಾನವಾದ ಮೇಲೆ ಅದನ್ನು ಸಾಲುಗಳಾಗಿ ಒಡೆಯುವ ಕೆಲಸ ಇರುತ್ತದೆ. ಪತ್ರಿಕೆಯಲ್ಲಿ ಎಲ್ಲವನ್ನೂ ನಡುವಿಗೆ ಹೊಂದಿಸಿ ಅಚ್ಚು ಹಾಕುವುದರಿಂದ ಕಂಪ್ಯೂಟರ್ ತನಗೆ ತೋಚಿದಲ್ಲಿ ಸಾಲು ಮುರಿಯುತ್ತದೆ. “ಸಕುಟುಂಬ” ಮೇಲೆ, “ಸಪರಿವಾರ” ಕೆಳಗೆ ಬೀಳಬಾರದು. “ಸ್ವೀಕರಿಸಬೇಕೆಂದು” ಒಂದು ಸಾಲಿನಲ್ಲಿ, “ವಿನಂತಿ” ಒಂಟಿಯಾಗಿ ಇನ್ನೊಂದರಲ್ಲಿ ಉಳಿಯಬಾರದು. ಉಸಿರು ನಿಲ್ಲುವಲ್ಲಿ ಸಾಲು ನಿಲ್ಲಬೇಕು: “ತಾವು ಸಕುಟುಂಬ ಸಪರಿವಾರ ಆಗಮಿಸಿ” ಒಂದು ಸಾಲು, “ವಧೂವರರನ್ನು ಹರಸಿ” ಒಂದು, “ನಮ್ಮ ಆತಿಥ್ಯವನ್ನು ಸ್ವೀಕರಿಸಬೇಕೆಂದು ವಿನಂತಿ” ಇನ್ನೊಂದು. ಮನೆಯಲ್ಲಿ ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದ ಯೂನಿಕೋಡ್ ಬರಹವನ್ನು ಪ್ರೆಸ್ಸಿನವರು ನುಡಿಯಂಥ ಹಳೆಯ ಫಾಂಟಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವೊತ್ತು ಕೆಡಬಹುದು. ಆದ್ದರಿಂದ ಮೊಬೈಲಿನಲ್ಲಿ ಸರಿಯಾಗಿತ್ತು ಎಂದು ನಂಬಿ ಕೂರದೆ, ಅಚ್ಚಿಗೆ ಹೋಗುವ ಕೊನೆಯ ಕರಡನ್ನು ಕಾಗದದ ಮೇಲೆ ತರಿಸಿಕೊಂಡು, ಹೆಸರು ಮತ್ತು ಮುಹೂರ್ತದಷ್ಟೇ ಎಚ್ಚರದಿಂದ ಈ ವಾಕ್ಯವನ್ನೂ ಓದಬೇಕು.

ವಿನಂತಿ ವಾಕ್ಯದ ಮೇಲಿನ ಸಂಬೋಧನೆಯೂ ಅದರ ಮಟ್ಟಕ್ಕೇ ಇರಬೇಕು. ಒಂದನೆಯ ಮತ್ತು ಎರಡನೆಯ ಬಗೆಗೆ “ಮಾನ್ಯರೇ” ಸರಿ. ಮೂರನೆಯದಕ್ಕೆ “ಆತ್ಮೀಯರೇ” ಒಪ್ಪುತ್ತದೆ. “ಮಾನ್ಯರೇ” ಎಂದರೂ ಕೆಡುವುದಿಲ್ಲ. ಆದರೆ “ಆತ್ಮೀಯರೇ” ಎಂದು ಹತ್ತಿರಕ್ಕೆ ಕರೆದು, ಕೊನೆಯಲ್ಲಿ “ಬಿನ್ನಹ” ಎಂದು ದೂರ ನಿಲ್ಲುವುದು ಹೊಂದುವುದಿಲ್ಲ.

ನಾಲ್ಕನೆಯ ಬಗೆಯನ್ನು ಇಷ್ಟರವರೆಗೆ ಬದಿಗಿಟ್ಟಿದ್ದೆ. ವಧೂವರರು ತಮ್ಮ ಗೆಳೆಯರಿಗೆ ಮೊಬೈಲಿನಲ್ಲಿ ಕಳಿಸುವ ಆಹ್ವಾನಕ್ಕೆ ಅದು ಬಹಳ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ನಮ್ಮ ಆಡುಮಾತನ್ನೂ ಬಳಸಬಹುದು. “ನಮ್ಮ ಮದುವಿಗೆ ನೀವು ಎಲ್ಲಾರೂ ಬರಬೇಕ್ರಿ” ಎಂಬ ಒಂದು ಸಾಲು ಊರಿಂದ ದೂರ ಇರುವವರಿಗೆ ಎಷ್ಟೋ ಹಿತವಾಗಿ ಕೇಳಿಸುತ್ತದೆ. ಆದರೆ ಅಚ್ಚಾದ ಪತ್ರಿಕೆಯ ಮೊದಲ ಪ್ರತಿ ಮನೆದೇವರ ಮುಂದೆ ಹೋಗುತ್ತದೆ. ಅದು ಹುಲಿಗಿಯ ಹುಲಿಗೆಮ್ಮನಿರಲಿ, ಕೊಪ್ಪಳದ ಗವಿಸಿದ್ಧೇಶ್ವರನಿರಲಿ, ಬಳ್ಳಾರಿಯ ಕನಕದುರ್ಗಮ್ಮನಿರಲಿ, ಅಂಚಿಗೆ ಅರಿಶಿನ ಹಚ್ಚಿ ದೇವರಿಗೆ ಒಪ್ಪಿಸುವ ಕಾಗದದ ಮೇಲೆ ತಂದೆತಾಯಿಯ ಹೆಸರಿನಲ್ಲಿ ಬರುವ ವಾಕ್ಯವು ಗ್ರಾಂಥಿಕ ಕನ್ನಡದಲ್ಲಿಯೇ ಇರುವುದು ಒಳ್ಳೆಯದು. ಮಕ್ಕಳ ಹೆಸರಿನಲ್ಲಿ ಮೂಲೆಯಲ್ಲಿ ಹಾಕುವ “ನಮ್ಮ ಮಾಮನ ಮದುವೆಗೆ ತಪ್ಪದೆ ಬನ್ನಿ” ಎಂಬ ಸಾಲಿಗೆ ಈ ಕಟ್ಟು ಅನ್ವಯಿಸುವುದಿಲ್ಲ. ಅದು ಮಕ್ಕಳ ಮಾತು, ಹಾಗೆಯೇ ಇರಲಿ.

ಕೊನೆಯದಾಗಿ, “ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ ಆಗಮಿಸಬೇಕು” ಎಂಬ ಸಾಲನ್ನು ವಿನಂತಿ ವಾಕ್ಯಕ್ಕೆ ಅಂಟಿಸುವ ಪದ್ಧತಿ ಈಚೆಗೆ ಹೆಚ್ಚಾಗಿದೆ. ಅಂಚೆಯಲ್ಲಿಯೋ ವಾಟ್ಸಾಪಿನಲ್ಲಿಯೋ ಕಳಿಸುವ ಪ್ರತಿಗೆ ಅದು ಬೇಕು, ಮತ್ತು ಅಲ್ಲಿ ಅದು ವಿನಯದ ಮಾತೇ. ಆದರೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಹತ್ತಿರದ ಬಂಧುಗಳಿಗೆ ಮನೆಗೆ ಹೋಗಿ, ಕುಂಕುಮ ಹಚ್ಚಿ, ಕೈಗೆ ಪತ್ರಿಕೆ ಕೊಟ್ಟು ಕರೆಯುವುದೇ ಇಂದಿಗೂ ಕ್ರಮ. ಎದುರಿಗೆ ಕೂತು ಕರೆಯುತ್ತಿರುವಾಗ ಕೈಯಲ್ಲಿರುವ ಪತ್ರಿಕೆಯಲ್ಲಿ “ಖುದ್ದು ಬಂದಂತೆ ಭಾವಿಸಿ” ಎಂದಿದ್ದರೆ, ಬಂದದ್ದಕ್ಕೂ ಬರೆದದ್ದಕ್ಕೂ ತಾಳೆಯಾಗುವುದಿಲ್ಲ. ಆದ್ದರಿಂದ ಅಚ್ಚಿನ ಪತ್ರಿಕೆಯಲ್ಲಿ ಆ ಸಾಲನ್ನು ಬಿಟ್ಟು, ವಾಟ್ಸಾಪಿಗೆ ಮಾಡಿಸುವ ಪ್ರತಿಯಲ್ಲಿ ಮಾತ್ರ ಸೇರಿಸುವಂತೆ ಪ್ರೆಸ್ಸಿನವರಿಗೆ ಮೊದಲೇ ಹೇಳಬೇಕು. ಅಂಚೆಯಲ್ಲಿ ಹೋಗುವ ಕೆಲವೇ ಪ್ರತಿಗಳಿಗೆ ಅದನ್ನು ತಂದೆಯವರು ಅಥವಾ ತಾಯಿಯವರು ತಮ್ಮ ಕೈಬರಹದಲ್ಲಿಯೇ ಬರೆದು ಸಹಿ ಹಾಕಬಹುದು.